ಲಸಿಕೆಯನ್ನು ಹೆಪ್ಪುಗಟ್ಟದಂತೆ ಕಾಯುವ ಪಟ್ಟಿ: ಹೂಡಿಕೆದಾರರ ಮುಂದೆ ಅರವತ್ತು ಸೆಕೆಂಡಿನ ಮಾತು

ಗೌರವಾನ್ವಿತ ಹೂಡಿಕೆದಾರರೇ, ನಮಸ್ಕಾರ.

ಲಸಿಕೆಯನ್ನು ಬಿಸಿಲಿನಿಂದ ಕಾಪಾಡಲೆಂದು ಇಡುವ ಐಸ್ ಪ್ಯಾಕೇ ಎಷ್ಟೋ ಸಲ ಆ ಲಸಿಕೆಯನ್ನು ಕೆಡಿಸುತ್ತದೆ. ಫ್ರೀಜರಿನಿಂದ ತೆಗೆದ ಪ್ಯಾಕನ್ನು ತಕ್ಷಣ ಪೆಟ್ಟಿಗೆಯಲ್ಲಿಟ್ಟರೆ ಪಕ್ಕದ ಸೀಸೆ ಹೆಪ್ಪುಗಟ್ಟುತ್ತದೆ. ಕರಗಿದ ಮೇಲೆ ಅದು ಮೊದಲಿನಂತೆಯೇ ಕಾಣುತ್ತದೆ. ಮಗುವಿಗೆ ಸಿಗಬೇಕಾದ ರಕ್ಷಣೆ ಮಾತ್ರ ಕುಂದಿರುತ್ತದೆ.

ತಾವು ನೆನಪಿಟ್ಟುಕೊಳ್ಳಬೇಕಾದ ಅಂಕಿ ಒಂದೇ: ಮೈನಸ್ 0.5 ಡಿಗ್ರಿ ಸೆಲ್ಸಿಯಸ್. ಹೆಪಟೈಟಿಸ್ ಬಿ ಲಸಿಕೆ ಹೆಪ್ಪುಗಟ್ಟತೊಡಗುವುದು ಸುಮಾರು ಈ ಮಟ್ಟದಲ್ಲಿ.

ನಾವು ಐಸ್ ಪ್ಯಾಕಿನ ಮೈಗೆ ಅಂಟಿಸುವ ಒಂದು ಪಟ್ಟಿಯನ್ನು ತಯಾರಿಸಿದ್ದೇವೆ. ಪ್ಯಾಕ್ ಅಪಾಯಕಾರಿಯಾಗಿ ತಣ್ಣಗಿರುವವರೆಗೆ ಪಟ್ಟಿ ಬೆಳ್ಳಗಿರುತ್ತದೆ. ಆ ಮಟ್ಟವನ್ನು ದಾಟಿದೊಡನೆ ತಿಳಿಯಾಗಿ, ಅಡಿಯ ಹಸಿರು ಕಾಣುತ್ತದೆ. ಹಸಿರು ಕಂಡರೆ ಪೆಟ್ಟಿಗೆಗೆ ಇಡಬಹುದು. ಬ್ಯಾಟರಿ ಬೇಡ, ಹೊಸ ಪೆಟ್ಟಿಗೆ ಬೇಡ. ಒಂದೇ ಪಟ್ಟಿಯನ್ನು ಮತ್ತೆ ಮತ್ತೆ ಬಳಸಬಹುದು.

ನಮ್ಮ ಕೋರಿಕೆಯೂ ಒಂದೇ: ಈ ಪಟ್ಟಿಯನ್ನು ಸ್ವತಂತ್ರ ಪ್ರಯೋಗಾಲಯದ ಪರೀಕ್ಷೆ ದಾಟಿಸಿ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆಗೆ ಒಯ್ಯುವ ನಮ್ಮ ಮೊದಲ ಹೂಡಿಕೆ ಸುತ್ತಿನ ಮುಂದಾಳತ್ವವನ್ನು ತಾವು ವಹಿಸಿಕೊಳ್ಳಬೇಕು. ವಿವರ ತಮ್ಮ ಕೈಯಲ್ಲಿರುವ ಹಾಳೆಯಲ್ಲಿದೆ. ಧನ್ಯವಾದಗಳು.

ಮಾತಿನ ಜೊತೆಗೆ ಕೊಡುವ ಹಾಳೆ

ಮಾನ್ಯರೇ, ಒಂದು ನಿಮಿಷದಲ್ಲಿ ಹೇಳಲಾಗದ, ಆದರೆ ತಾವು ಖಂಡಿತ ಕೇಳುವ ಸಂಗತಿಗಳನ್ನು ಇಲ್ಲಿ ಬರೆದಿದ್ದೇವೆ.

ಲಸಿಕೆಗೆ ಶಾಖ ಶತ್ರು ಎಂಬುದು ಎಲ್ಲರಿಗೂ ಗೊತ್ತು, ಮತ್ತು ಶೀತಲ ಸರಪಳಿಯ ಬಹುಪಾಲು ವ್ಯವಸ್ಥೆ ಬೆಳೆದದ್ದು ಆ ಶತ್ರುವಿನ ವಿರುದ್ಧವೇ. ಸೀಸೆಯ ಮೇಲಿನ ಉಷ್ಣ ಸೂಚಕವನ್ನೇ ನೋಡಿ: ವೃತ್ತದೊಳಗಿನ ಚಿಕ್ಕ ಚೌಕ ಸುತ್ತಲಿನ ಬಣ್ಣಕ್ಕಿಂತ ತಿಳಿಯಾಗಿದ್ದರೆ ಲಸಿಕೆಯನ್ನು ಬಳಸಬಹುದು, ಅಷ್ಟೇ ಗಾಢವಾದರೆ ಅಥವಾ ಇನ್ನೂ ಕಪ್ಪಾದರೆ ಎಸೆಯಬೇಕು. 1996ರಲ್ಲಿ ಬಾಯಿಗೆ ಹಾಕುವ ಪೋಲಿಯೊ ಲಸಿಕೆಯೊಂದಿಗೆ ಬಳಕೆಗೆ ಬಂದ ಈ ಸೂಚಕ ಬಹಳ ಒಳ್ಳೆಯ ಸಾಧನ. ಆದರೆ ಅದು ಹೇಳುವುದು ಶಾಖದ ಕಥೆಯನ್ನು ಮಾತ್ರ. ಹೆಪ್ಪುಗಟ್ಟಿ ಕರಗಿದ ಸೀಸೆಯ ಮೇಲೂ ಆ ಚೌಕ ತಿಳಿಯಾಗಿಯೇ ಇರುತ್ತದೆ. ಕೆಟ್ಟ ಲಸಿಕೆ ಒಳ್ಳೆಯ ಗುರುತನ್ನು ಹೊತ್ತುಕೊಂಡೇ ಮಗುವಿನ ತೋಳಿನವರೆಗೆ ಹೋಗಿಬಿಡಬಹುದು.

ಕೆಡುವ ಕಾರಣ ಹೀಗಿದೆ. ಹೆಪಟೈಟಿಸ್ ಬಿ, ಧನುರ್ವಾಯು, ಗಂಟಲಮಾರಿ ಮತ್ತು ನಾಯಿಕೆಮ್ಮಿನ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣದ ಅತಿ ಸೂಕ್ಷ್ಮ ಕಣಗಳಿರುತ್ತವೆ. ದೇಹದ ಪ್ರತಿರೋಧ ಶಕ್ತಿಯನ್ನು ಎಚ್ಚರಿಸುವ ಕೆಲಸದಲ್ಲಿ ಇವುಗಳ ಪಾಲು ದೊಡ್ಡದು. ದ್ರವ ಹೆಪ್ಪುಗಟ್ಟಿದಾಗ ಈ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಮತ್ತೆ ಕರಗಿಸಿದರೂ ಬಿಡಿಯಾಗುವುದಿಲ್ಲ. ಅನುಮಾನ ಬಂದ ಸೀಸೆಯನ್ನು ಕುಲುಕಿ ನೋಡುವ ಪರೀಕ್ಷೆಯೊಂದು ಇದೆ: ಅದೇ ಬ್ಯಾಚಿನ ಇನ್ನೊಂದು ಸೀಸೆಯನ್ನು ಬೇಕೆಂದೇ ಹೆಪ್ಪುಗಟ್ಟಿಸಿ, ಕರಗಿಸಿ, ಎರಡನ್ನೂ ಒಟ್ಟಿಗೆ ಕುಲುಕಿ ನಿಲ್ಲಿಸಿ, ಯಾವುದರಲ್ಲಿ ಮಡ್ಡಿ ಬೇಗ ಇಳಿಯುತ್ತದೆ ಎಂದು ಗಮನಿಸಬೇಕು. ಪರೀಕ್ಷೆ ನಂಬಿಕೆಗೆ ಅರ್ಹವಾದದ್ದೇ, ಆದರೆ ಅನುಮಾನ ಬಂದಾಗ ಮಾತ್ರ ಅದನ್ನು ಮಾಡುತ್ತಾರೆ. ಅನುಮಾನ ಹುಟ್ಟಿಸುವ ಗುರುತೇ ಸೀಸೆಯ ಮೇಲಿಲ್ಲ.

ಇಂಥ ಲಸಿಕೆಗಳನ್ನು 2ರಿಂದ 8 ಡಿಗ್ರಿಯ ನಡುವೆ ಇಡಬೇಕು, ಐಸ್ ಪ್ಯಾಕ್ ಹೊರಬರುವುದು ಸುಮಾರು ಮೈನಸ್ 20 ಡಿಗ್ರಿಯ ಫ್ರೀಜರಿನಿಂದ. ಆದ್ದರಿಂದ ಪ್ಯಾಕನ್ನು ಸ್ವಲ್ಪ ಹೊತ್ತು ಹೊರಗಿಟ್ಟು, ಕಿವಿಯ ಬಳಿ ಅಲುಗಾಡಿಸಿ, ಒಳಗೆ ನೀರು ಕುಲುಕುವ ಸದ್ದು ಕೇಳಿದ ಮೇಲೆಯೇ ಪೆಟ್ಟಿಗೆಗೆ ಇಡಬೇಕೆಂಬ ನಿಯಮವಿದೆ. ಕೋಣೆ ತಣ್ಣಗಿದ್ದರೆ ಇದಕ್ಕೆ ಒಂದು ಗಂಟೆಗಿಂತಲೂ ಹೆಚ್ಚು ಹಿಡಿಯಬಹುದು. ಬೆಳಗಿನ ಹೊತ್ತು ವಾಹನ ಕಾಯುತ್ತಿರುವಾಗ, ಹತ್ತಾರು ಪ್ಯಾಕುಗಳನ್ನು ಒಂದೊಂದಾಗಿ ಅಲುಗಾಡಿಸಿ ಕೇಳಬೇಕಾದ ಕಾರ್ಯಕರ್ತೆಯ ಪಾಡನ್ನು ದಯವಿಟ್ಟು ಊಹಿಸಿಕೊಳ್ಳಿ. ತಪ್ಪು ಆಕೆಯದಲ್ಲ. ಕಣ್ಣಿಗೆ ಕಾಣಬೇಕಾದ ಸಂಗತಿಯನ್ನು ಕಿವಿಯಿಂದ ತಿಳಿದುಕೊಳ್ಳಿರೆಂದು ನಾವೆಲ್ಲ ಆಕೆಗೆ ಹೇಳಿದ್ದೇವೆ, ಅಷ್ಟೇ.

ನಮ್ಮ ಪಟ್ಟಿಯೊಳಗೆ ಇರುವುದು ತೆಳುವಾಗಿ ಮುಚ್ಚಿದ ಉಪ್ಪುನೀರಿನ ಒಂದು ಪದರ. ನೀರಿಗೆ ಶೇಕಡಾ 0.9ರಷ್ಟು ಉಪ್ಪು ಬೆರೆಸಿದರೆ ಅದರ ಘನೀಕರಣ ಬಿಂದು ಮೈನಸ್ 0.5 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹೆಪ್ಪುಗಟ್ಟಿದಾಗ ಪದರ ಬೆಳ್ಳಗಾಗಿ ಅಡಿಯ ಹಸಿರನ್ನು ಮುಚ್ಚುತ್ತದೆ, ಪೂರ್ತಿ ಕರಗಿದಾಗ ತೋರಿಸುತ್ತದೆ. ಇಷ್ಟು ಸರಳವಾದದ್ದನ್ನು ಬೇರೆಯವರು ಏಕೆ ಮಾಡಲಿಲ್ಲವೆಂದು ತಾವು ಕೇಳಬಹುದು. ತೊಡಕು ಇರುವುದು ಇಲ್ಲಿ: ಸಣ್ಣ ಪ್ರಮಾಣದ ನೀರು ತನ್ನ ಘನೀಕರಣ ಬಿಂದುವಿಗಿಂತ ಎಷ್ಟೋ ಡಿಗ್ರಿ ಕೆಳಗೆ ಹೋದರೂ ದ್ರವವಾಗಿಯೇ ಉಳಿಯಬಲ್ಲದು. ಹಾಗಾದರೆ ಅತಿಯಾಗಿ ತಣ್ಣಗಿರುವ ಪ್ಯಾಕಿನ ಮೇಲೂ ಪಟ್ಟಿ ಹಸಿರು ತೋರಿಸಿ ಮೋಸ ಮಾಡೀತು. ಇದನ್ನು ತಡೆಯಲು ಹರಳು ಕಟ್ಟುವುದಕ್ಕೆ ನೆರವಾಗುವ ಸಿಲ್ವರ್ ಅಯೊಡೈಡ್ ಕಣಗಳನ್ನು ಪದರದಲ್ಲಿ ಸೇರಿಸಿದ್ದೇವೆ. ಫ್ರೀಜರಿನ ತಾಪಮಾನಕ್ಕೆ ತಲುಪುವ ಬಹಳ ಮೊದಲೇ ನೀರು ಹರಳುಗಟ್ಟುತ್ತದೆ. ಕರಗುವಾಗ ಇಂಥ ತೊಡಕಿಲ್ಲ, ಏಕೆಂದರೆ ಮಂಜು ಕರಗುವ ಬಿಂದುವನ್ನು ದಾಟಿ ಮಂಜಾಗಿಯೇ ಉಳಿಯುವುದಿಲ್ಲ. ನಮ್ಮ ಸೂಚಕ ಆ ಕರಗುವಿಕೆಯನ್ನೇ ನಂಬಿ ನಿಂತಿದೆ. ಇದರ ಮೇಲೂ ಒಂದು ಕಾವಲಿದೆ: ಫ್ರೀಜರಿನಿಂದ ತೆಗೆದ ಕ್ಷಣ ಬೆಳ್ಳಗೆ ಕಾಣದ ಪಟ್ಟಿಯನ್ನು ಬದಿಗಿಡಬೇಕೆಂದು ಪಟ್ಟಿಯ ಅಂಚಿನಲ್ಲೇ ಚಿತ್ರದ ಮೂಲಕ ತೋರಿಸಿದ್ದೇವೆ.

ಪರ್ಯಾಯಗಳು ಇಲ್ಲವೆಂದು ನಾವು ಹೇಳುವುದಿಲ್ಲ. ಒಳಗೋಡೆಯೇ ಹೆಪ್ಪುಗಟ್ಟುವಿಕೆಯನ್ನು ತಡೆಯುವ ಪೆಟ್ಟಿಗೆಗಳು ಬಂದಿವೆ, ಅವು ಚೆನ್ನಾಗಿಯೂ ಇವೆ; ಆದರೆ ಅವನ್ನು ಕೊಳ್ಳಲು ಹಳೆಯ ಪೆಟ್ಟಿಗೆಯನ್ನು ಬಿಡಬೇಕು. ಎಲೆಕ್ಟ್ರಾನಿಕ್ ಸೂಚಕಗಳು ಹೆಪ್ಪುಗಟ್ಟಿದ್ದನ್ನು ದಾಖಲಿಸುತ್ತವೆ, ಆದರೆ ಅಷ್ಟರಲ್ಲಿ ಲಸಿಕೆ ಹೋಗಿರುತ್ತದೆ. ಈಗಾಗಲೇ ಬಳಕೆಯಲ್ಲಿರುವ ಪೆಟ್ಟಿಗೆಯೊಂದಿಗೆ, ಹಾನಿಯಾಗುವ ಮೊದಲೇ ಕೆಲಸ ಮಾಡುವ ಸಾಧನ ನಮ್ಮದು.

ನಾವಿಬ್ಬರು ಸಂಸ್ಥಾಪಕರು. ಒಬ್ಬರು ಲಸಿಕಾ ಉಗ್ರಾಣಗಳ ಶೀತಲ ಯಂತ್ರಗಳನ್ನು ದುರಸ್ತಿ ಮಾಡುತ್ತಿದ್ದ ತಂತ್ರಜ್ಞರು, ಇನ್ನೊಬ್ಬರು ವಸ್ತುವಿಜ್ಞಾನದ ಎಂಜಿನಿಯರ್. ಮಾದರಿ ಪಟ್ಟಿಗಳು ನಮ್ಮ ಪ್ರಯೋಗಾಲಯದಲ್ಲಿ ನಿರೀಕ್ಷೆಯಂತೆ ಕೆಲಸ ಮಾಡುತ್ತಿವೆ. ಸ್ವತಂತ್ರ ಪರೀಕ್ಷೆ ಇನ್ನೂ ನಡೆದಿಲ್ಲ. ನಾವು ಹಣ ಕೇಳುತ್ತಿರುವುದು ಅದಕ್ಕಾಗಿಯೇ.

ಲಸಿಕಾ ಸಾಧನಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುವವರು ಸರ್ಕಾರಗಳು ಮತ್ತು ಅಂತರರಾಷ್ಟ್ರೀಯ ಸಂಸ್ಥೆಗಳು, ಮತ್ತು ಅವು ಮೊದಲು ಕೇಳುವ ಕಾಗದ ಪೂರ್ವಾರ್ಹತೆಯದು. ಆ ಕಾಗದ ಬರುವ ಮೊದಲು ಮಾರಾಟದ ತಂಡ ಕಟ್ಟುವುದು ದುಂದುವೆಚ್ಚವೆಂದು ನಾವು ಭಾವಿಸುತ್ತೇವೆ. ಆದ್ದರಿಂದ ನಮ್ಮ ಕೋರಿಕೆಯನ್ನು ನಿಖರವಾಗಿ ಇಡುತ್ತೇವೆ: ಮುಂದಿನ 18 ತಿಂಗಳ ಪರೀಕ್ಷೆ, ಅಚ್ಚು ತಯಾರಿ ಮತ್ತು ಕ್ಷೇತ್ರ ಪ್ರಯೋಗದ ಪೂರ್ಣ ವೆಚ್ಚವನ್ನು ಈ ಸುತ್ತು ಭರಿಸಬೇಕು, ಪ್ರತಿಯಾಗಿ ಸಂಸ್ಥೆಯ ಶೇಕಡಾ 12ರಷ್ಟು ಪಾಲನ್ನು ಕೊಡುತ್ತೇವೆ, ಸುತ್ತಿನ ಅರ್ಧಭಾಗವನ್ನು ತಾವು ವಹಿಸಿಕೊಂಡು, ಷರತ್ತುಗಳನ್ನು ನಿಗದಿಪಡಿಸಿ, ಆಡಳಿತ ಮಂಡಳಿಯಲ್ಲಿ ಒಂದು ಸ್ಥಾನವನ್ನು ಪಡೆಯಬೇಕು. ಹಣವನ್ನು ಎರಡು ಕಂತುಗಳಲ್ಲಿ ಬಿಡುಗಡೆ ಮಾಡಿದರೆ ಸಾಕು. ಸ್ವತಂತ್ರ ಪ್ರಯೋಗಾಲಯದ ವರದಿ ನಮ್ಮ ಪರವಾಗಿ ಬಾರದಿದ್ದರೆ ಎರಡನೆಯ ಕಂತನ್ನು ತಾವು ತಡೆಹಿಡಿಯಬಹುದೆಂಬ ಷರತ್ತನ್ನು ಒಪ್ಪಂದದಲ್ಲಿ ನಾವೇ ಸೇರಿಸುತ್ತೇವೆ.