ಶುಡ್, ಮಸ್ಟ್, ಮೈಟ್: ಸಲಹೆ, ಕಡ್ಡಾಯ, ಸಾಧ್ಯತೆ
ಒಂಬತ್ತನೇ ತರಗತಿ ಇಂಗ್ಲಿಷ್ ವ್ಯಾಕರಣ, ಪಾಠ ಮತ್ತು ಅಭ್ಯಾಸ ಹಾಳೆ

ಮಕ್ಕಳೇ,

ಹೋದ ವರ್ಷ ನನ್ನ ಟೇಬಲ್ ಮೇಲೆ ಒಂದು ರಜಾ ಅರ್ಜಿ ಇತ್ತು. ಹೊನ್ನಾವರದ ನೆಂಟರ ಮನೆ ಮದುವೆಗೆ ಎರಡು ದಿನ ರಜೆ ಬೇಕಿತ್ತು. ಕೊನೆಯ ಸಾಲು ಹೀಗಿತ್ತು: ‘ಯು ಮಸ್ಟ್ ಗಿವ್ ಮಿ ಲೀವ್.’ ಬರೆದವಳು ತರಗತಿಯಲ್ಲೇ ತೀರಾ ಮೆತ್ತಗೆ ಮಾತಾಡುವ ಹುಡುಗಿ. ಅವಳ ಮನಸ್ಸಿನಲ್ಲಿ ಇದ್ದದ್ದು ‘ಅಕ್ಕೋರೇ, ರಜೆ ಕೊಡಬೇಕು’ ಅಂತ. ಕನ್ನಡದಲ್ಲಿ ಅದು ವಿನಂತಿ. ಇಂಗ್ಲಿಷಿಗೆ ಹೋದ ಕೂಡಲೇ ಅಪ್ಪಣೆ ಆಗಿಬಿಟ್ಟಿತು. ಅಲ್ಲಿ ಬರಬೇಕಾದದ್ದು ‘ಕುಡ್ ಯು ಪ್ಲೀಸ್ ಗಿವ್ ಮಿ ಲೀವ್?’

ಅವಳಿಗೆ ವ್ಯಾಕರಣ ಬರುತ್ತಿರಲಿಲ್ಲ ಅಂತಲ್ಲ. ನಮ್ಮ ‘ಬೇಕು’ ಒಂದೇ ಪದ, ಅದು ಮಾಡುವ ಕೆಲಸ ಜಾಸ್ತಿ. ‘ಬಂಗುಡೆ ಬೇಕು’ ಅಂದರೆ ಆಸೆ. ‘ಸಮವಸ್ತ್ರ ಹಾಕಬೇಕು’ ಅಂದರೆ ನಿಯಮ. ‘ಜ್ವರ ಬಂದಾಗ ಗಂಜಿ ಉಣ್ಣಬೇಕು’ ಅಂದರೆ ಸಲಹೆ. ಇಂಗ್ಲಿಷಿನಲ್ಲಿ ಇವಕ್ಕೆ ಬೇರೆ ಬೇರೆ ಪದ: ವಾಂಟ್, ಮಸ್ಟ್, ಶುಡ್. ‘ಬಹುದು’ ಕೂಡ ಹಾಗೇ. ‘ನೀನು ಹೋಗಬಹುದು’ ಅಂದರೆ ಅನುಮತಿ, ‘ಮಳೆ ಬರಬಹುದು’ ಅಂದರೆ ಸಾಧ್ಯತೆ. ಹಾಗಾಗಿ ಬೇಕು, ಬಹುದು ಕಂಡಲ್ಲೆಲ್ಲ ಒಂದು ಕ್ಷಣ ನಿಲ್ಲಿ. ಈ ಮಾತಿನ ಹಿಂದೆ ಒತ್ತಾಯ ಎಷ್ಟಿದೆ, ಅದು ಯಾರದ್ದು ಅಂತ ಕೇಳಿಕೊಳ್ಳಿ. ಆಮೇಲೆ ಇಂಗ್ಲಿಷ್ ಪದ ಆರಿಸಿ.

ಈ ಹಾಳೆಯಲ್ಲಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಮೊದಲು ಗಟ್ಟಿಯಾಗಿ ಓದಿ, ಕಿವಿಗೆ ಬೀಳಲಿ. ನೋಟ್‌ಬುಕ್ಕಿನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ಶುಡ್, ಕುಡ್, ವುಡ್ ಮೂರರಲ್ಲೂ ಎಲ್ ಅಕ್ಷರ ಬರೆಯಬೇಕು, ಓದುವಾಗ ಬಿಡಬೇಕು.

ಸಲಹೆ: ಶುಡ್

ಇದು ಸುಲಭ. ಕೇಳಿದರೆ ಒಳ್ಳೆಯದು, ಕೇಳದಿದ್ದರೆ ಯಾರೂ ದಂಡ ಹಾಕುವುದಿಲ್ಲ. ‘ಯು ಶುಡ್ ಕ್ಯಾರಿ ಆನ್ ಅಂಬ್ರೆಲಾ.’ ಬೇಡ ಅನ್ನಲು ‘ಶುಡ್ ನಾಟ್’. ‘ಆಟ್ ಟು’ ಅನ್ನುವುದಕ್ಕೂ ಹೆಚ್ಚುಕಡಿಮೆ ಇದೇ ಅರ್ಥ, ಆದರೆ ಅದರ ಬೆನ್ನಿಗೆ ‘ಟು’ ಇರುತ್ತದೆ. ಸಲಹೆಯಲ್ಲಿ ಸ್ವಲ್ಪ ಎಚ್ಚರಿಕೆಯೂ ಸೇರಿದ್ದರೆ ‘ಹ್ಯಾಡ್ ಬೆಟರ್’. ‘ಯು ಹ್ಯಾಡ್ ಬೆಟರ್ ಲೀವ್ ನೌ’ ಅಂದರೆ ಈಗಲೇ ಹೊರಡು, ಇಲ್ಲದಿದ್ದರೆ ಬಸ್ಸು ತಪ್ಪುತ್ತದೆ ಅಂತ. ಅಲ್ಲಿ ಹ್ಯಾಡ್ ಇದ್ದರೂ ಅದು ನಿನ್ನೆಯ ಮಾತಲ್ಲ, ಈಗಿನದ್ದೇ.

ಕಡ್ಡಾಯ: ಮಸ್ಟ್, ಹ್ಯಾವ್ ಟು

ಪರೀಕ್ಷೆಯಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ಬೈತಖೋಲ್ ಬಂದರನ್ನು ಕಣ್ಣ ಮುಂದೆ ತಂದುಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಮೀನು ಹಿಡಿಯುವಂತಿಲ್ಲ. ಅದು ಮೀನು ಮೊಟ್ಟೆ ಇಡುವ ಕಾಲ. ಬೋಟುಗಳೆಲ್ಲ ದಕ್ಕೆಯಲ್ಲಿ ಒಂದಕ್ಕೊಂದು ಹಗ್ಗ ಕಟ್ಟಿಕೊಂಡು ನಿಂತಿರುತ್ತವೆ. ಬಲೆಗಳು ರಿಪೇರಿಗೆ ದಡಕ್ಕೆ ಬಂದಿರುತ್ತವೆ.

‘ಬಿಗ್ ಬೋಟ್ಸ್ ಮಸ್ಟ್ ನಾಟ್ ಫಿಶ್ ನೌ.’ ಇದು ಕಾನೂನು. ಕನ್ನಡದಲ್ಲಿ ‘ಹಿಡಿಯಬಾರದು’, ‘ಹಿಡಿಯುವಂತಿಲ್ಲ’.

ಇಂಜಿನ್ ಇಲ್ಲದ ಪಾತಿ ದೋಣಿಗಳಿಗೆ ಈ ನಿಷೇಧ ಇಲ್ಲ. ‘ಸ್ಮಾಲ್ ಬೋಟ್ಸ್ ಡೋಂಟ್ ಹ್ಯಾವ್ ಟು ಸ್ಟಾಪ್.’ ಕನ್ನಡದಲ್ಲಿ ‘ನಿಲ್ಲಿಸಬೇಕಾಗಿಲ್ಲ’.

ಆದರೆ ಜೂನ್‌ನಲ್ಲಿ ಕಡಲು ಒರಟು. ‘ದೇ ಶುಡ್ ಸ್ಟೇ ನಿಯರ್ ದ ಶೋರ್.’ ಇದು ಹಿರಿಯರ ಬುದ್ಧಿಮಾತು.

ಒಂದೇ ಬಂದರು, ಒಂದೇ ತಿಂಗಳು, ಮೂರು ಬೇರೆ ಮಾತು. ‘ಮಸ್ಟ್ ನಾಟ್’ ಮತ್ತು ‘ಡೋಂಟ್ ಹ್ಯಾವ್ ಟು’ ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಮೊದಲನೆಯದು ಬಾರದು, ಎರಡನೆಯದು ಬೇಕಾಗಿಲ್ಲ. ಪಾತಿ ದೋಣಿಯವರಿಗೆ ‘ಯು ಮಸ್ಟ್ ನಾಟ್ ಸ್ಟಾಪ್’ ಅಂದರೆ ಏನಾಗುತ್ತದೆ ನೋಡಿ: ನೀವು ನಿಲ್ಲಿಸಲೇಬಾರದು, ಎಂಥ ಅಲೆ ಇದ್ದರೂ ಹೋಗಿ ಅಂದ ಹಾಗೆ! ಅನುಮಾನ ಬಂದಾಗ ಕನ್ನಡಕ್ಕೆ ವಾಪಸ್ ಬನ್ನಿ. ಈ ವ್ಯತ್ಯಾಸವನ್ನು ನಮ್ಮ ಭಾಷೆ ನಿಚ್ಚಳವಾಗಿ ಇಟ್ಟುಕೊಂಡಿದೆ. ನಿಮಗೆ ಅದು ಆಗಲೇ ಗೊತ್ತಿದೆ, ಹೊಸದಾಗಿ ಕಲಿಯುವುದೇನಿಲ್ಲ.

‘ಮಸ್ಟ್’ ಮತ್ತು ‘ಹ್ಯಾವ್ ಟು’ ನಡುವೆ ಸಣ್ಣ ಅಂತರ ಇದೆ. ಒತ್ತಾಯ ನಮ್ಮ ಒಳಗಿನಿಂದ ಬಂದರೆ ಮಸ್ಟ್: ‘ಐ ಮಸ್ಟ್ ರೀಡ್ ಟುನೈಟ್.’ ಹೊರಗಿನಿಂದ ಬಂದರೆ ಹ್ಯಾವ್ ಟು: ‘ಐ ಹ್ಯಾವ್ ಟು ಕ್ಯಾಚ್ ದ ಫಸ್ಟ್ ಬಸ್.’ ಮಾತಿನಲ್ಲಿ ಜನ ಎರಡನ್ನೂ ಬೆರೆಸುತ್ತಾರೆ, ಬರೆದ ನಿಯಮಗಳಲ್ಲಿ ಮಸ್ಟ್ ಬರುವುದೂ ಇದೆ. ಆದ್ದರಿಂದ ಇದಕ್ಕೆ ನಾನು ಅಂಕ ಕಡಿಯುವುದಿಲ್ಲ. ನಿನ್ನೆಯ ಕಡ್ಡಾಯಕ್ಕೆ ಮಾತ್ರ ‘ಹ್ಯಾಡ್ ಟು’ ಬೇಕೇ ಬೇಕು. ಅಲ್ಲಿ ಮಸ್ಟ್ ನಡೆಯುವುದಿಲ್ಲ.

ಸಾಧ್ಯತೆ: ಮೇ, ಮೈಟ್, ಕುಡ್

ರಾತ್ರಿ ಒಂಬತ್ತು ಗಂಟೆ. ಹೊರಗೆ ಮಳೆ ಹೊಯ್ಯುತ್ತಿದೆ. ಮನೆಯಲ್ಲಿ ಎಲ್ಲರ ಕಣ್ಣು ಫೋನ್ ಮೇಲೆ, ಡಿಸಿ ಸಾಹೇಬರು ರಜೆ ಘೋಷಿಸಿದರಾ ಅಂತ. ಆಗ ನೀವು ಹೇಳುವುದು: ‘ದೇರ್ ಮೇ ಬಿ ಎ ಹಾಲಿಡೇ ಟುಮಾರೋ.’ ನಂಬಿಕೆ ಇನ್ನೂ ಸ್ವಲ್ಪ ಕಡಿಮೆ ಇದ್ದರೆ ‘ಮೈಟ್’ ಅಥವಾ ‘ಕುಡ್’. ಆದೇಶ ಬಂದ ಮೇಲೆ ಇವು ಯಾವುದೂ ಬೇಡ, ‘ಟುಮಾರೋ ಇಸ್ ಎ ಹಾಲಿಡೇ.’

‘ಮೇ ಬಿ’ ಎರಡು ಪದವಾದರೆ ಕ್ರಿಯಾಪದ. ‘ಮೇಬಿ’ ಒಂದೇ ಪದವಾದರೆ ‘ಬಹುಶಃ’, ಅದು ಸಾಮಾನ್ಯವಾಗಿ ವಾಕ್ಯದ ಮೊದಲಿಗೆ ಬರುತ್ತದೆ.

ಇನ್ನೊಂದು ಬಗೆ ಇದೆ, ನನಗೆ ಬಹಳ ಇಷ್ಟ. ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ಬಿಸಿಲು. ದೇವಿಮನೆ ಘಟ್ಟ ಇಳಿದು ಶಿರಸಿ ಬಸ್ಸು ಬಂತು. ಗಾಜಿನಿಂದ ನೀರು ಇಳಿಯುತ್ತಿದೆ, ವೈಪರಿಗೆ ಒಂದು ಹಸಿ ಎಲೆ ಸಿಕ್ಕಿಕೊಂಡಿದೆ. ಘಟ್ಟದ ಮೇಲೆ ಮಳೆ ಅಂತ ನಮಗೆ ಯಾರೂ ಹೇಳಬೇಕಾಗಿಲ್ಲ, ಅಲ್ವಾ? ‘ಇಟ್ ಮಸ್ಟ್ ಬಿ ರೇನಿಂಗ್ ಆನ್ ದ ಘಾಟ್.’ ಇಲ್ಲಿ ಮಸ್ಟ್ ಅಂದರೆ ಕಡ್ಡಾಯ ಅಲ್ಲ, ಗುರುತು ನೋಡಿ ಮಾಡಿದ ಗಟ್ಟಿ ಊಹೆ: ‘ಮಳೆ ಬರುತ್ತಿರಲೇಬೇಕು.’ ಕನ್ನಡದಲ್ಲೂ ಬೇಕು ಬಂತು ನೋಡಿ! ಇದರ ಎದುರು ಮಾತು ‘ಮಸ್ಟ್ ನಾಟ್’ ಅಲ್ಲ, ‘ಕಾಂಟ್’. ‘ದಟ್ ಕಾಂಟ್ ಬಿ ಅವರ್ ಬಸ್’ ಅಂದರೆ ಅದು ನಮ್ಮ ಬಸ್ಸಾಗಿರಲಿಕ್ಕೆ ಸಾಧ್ಯವೇ ಇಲ್ಲ.

ಎಲ್ಲಕ್ಕೂ ಒಂದೇ ಕಟ್ಟಳೆ

ಶುಡ್, ಮಸ್ಟ್, ಮೇ, ಮೈಟ್, ಕ್ಯಾನ್, ಕುಡ್: ಇವುಗಳ ಮುಂದೆ ಕ್ರಿಯಾಪದ ಬರಿಗೈಲಿ ಬರುತ್ತದೆ. ಟು ಇಲ್ಲ, ಕೊನೆಗೆ ಎಸ್ ಇಲ್ಲ, ಪ್ರಶ್ನೆಗೆ ಡು, ಡಸ್ ಇಲ್ಲ. ‘ಹ್ಯಾವ್ ಟು’ ಮಾತ್ರ ಈ ಗುಂಪಿನಂತೆ ನಡೆಯುವುದಿಲ್ಲ. ಅದು ‘ಹ್ಯಾಸ್ ಟು’ ಆಗುತ್ತದೆ, ಪ್ರಶ್ನೆಯಲ್ಲಿ ಡು, ಡಸ್ ಕೇಳುತ್ತದೆ. ‘ಕ್ಯಾನ್ ಏಬಲ್ ಟು’ ಅಂತ ದಯವಿಟ್ಟು ಬರೆಯಬೇಡಿ. ಕ್ಯಾನ್ ಅಂದರೇ ಏಬಲ್ ಟು.

ಅಭ್ಯಾಸ ಹಾಳೆ
ಸಮಯ: 40 ನಿಮಿಷ. ಅಂಕ: 25

ಅಭ್ಯಾಸ 1. ಸನ್ನಿವೇಶ ಓದಿ, ಎರಡರಲ್ಲಿ ಸರಿಯಾದ ವಾಕ್ಯ ಆರಿಸಿ ಬರೆಯಿರಿ. (5 ಅಂಕ)

1. ಗೆಳತಿಗೆ ಹಲ್ಲುನೋವು. ನೀವು ಬುದ್ಧಿ ಹೇಳುತ್ತಿದ್ದೀರಿ.
ಅ) ಯು ಶುಡ್ ಸೀ ಎ ಡೆಂಟಿಸ್ಟ್. ಆ) ಯು ಮೈಟ್ ಸೀ ಎ ಡೆಂಟಿಸ್ಟ್.
2. ಪರೀಕ್ಷಾ ಕೊಠಡಿಗೆ ಫೋನ್ ನಿಷೇಧ.
ಅ) ಯು ಡೋಂಟ್ ಹ್ಯಾವ್ ಟು ಬ್ರಿಂಗ್ ಎ ಫೋನ್. ಆ) ಯು ಮಸ್ಟ್ ನಾಟ್ ಬ್ರಿಂಗ್ ಎ ಫೋನ್.
3. ಭಾನುವಾರ ಶಾಲೆ ಇಲ್ಲ.
ಅ) ವಿ ಡೋಂಟ್ ಹ್ಯಾವ್ ಟು ಗೆಟ್ ಅಪ್ ಅರ್ಲಿ. ಆ) ವಿ ಮಸ್ಟ್ ನಾಟ್ ಗೆಟ್ ಅಪ್ ಅರ್ಲಿ.
4. ಅಜ್ಜಿ ಮನೆಯ ಬೀಗ ಹಾಕಿದೆ, ಚಪ್ಪಲಿಯೂ ಇಲ್ಲ.
ಅ) ಶಿ ಹ್ಯಾಸ್ ಟು ಬಿ ಔಟ್ ಟುಮಾರೋ. ಆ) ಶಿ ಮಸ್ಟ್ ಬಿ ಔಟ್.
5. ಯಕ್ಷಗಾನ ಇಂದು ಇದೆಯೋ ಇಲ್ಲವೋ, ಮಳೆಯ ಮೇಲೆ ನಿಂತಿದೆ.
ಅ) ದೇರ್ ಮೈಟ್ ಬಿ ಎ ಶೋ ಟುನೈಟ್. ಆ) ದೇರ್ ಮಸ್ಟ್ ಬಿ ಎ ಶೋ ಟುನೈಟ್.

ಅಭ್ಯಾಸ 2. ಪ್ರತಿ ವಾಕ್ಯದಲ್ಲೂ ಒಂದು ತಪ್ಪಿದೆ. ತಿದ್ದಿ ಬರೆಯಿರಿ. (6 ಅಂಕ)

1. ಯು ಶುಡ್ ಟು ಡ್ರಿಂಕ್ ಬಾಯ್ಲ್ಡ್ ವಾಟರ್.
2. ಹಿ ಮಸ್ಟ್ ಗೋಸ್ ಟು ಅಂಕೋಲಾ.
3. ಡು ಐ ಮೇ ಕಮ್ ಇನ್?
4. ಮೈ ಬ್ರದರ್ ಹ್ಯಾವ್ ಟು ಕ್ರಾಸ್ ದ ರಿವರ್ ಎವ್ರಿ ಡೇ.
5. ಐ ಕ್ಯಾನ್ ಏಬಲ್ ಟು ಸ್ವಿಮ್.
6. ಯೆಸ್ಟರ್‌ಡೇ ವಿ ಮಸ್ಟ್ ವಾಕ್ ಹೋಮ್.

ಅಭ್ಯಾಸ 3. ಇಂಗ್ಲಿಷಿಗೆ ತನ್ನಿ. (5 ಅಂಕ)

1. ನೀನು ಬರಬೇಕಾಗಿಲ್ಲ.
2. ನೀನು ಒಬ್ಬನೇ ಕಡಲಿಗೆ ಇಳಿಯಲೇಬಾರದು.
3. ಅವನು ಇವತ್ತು ಬರದೇ ಇರಬಹುದು.
4. ಅದು ನಿಜ ಆಗಿರಲಿಕ್ಕೆ ಸಾಧ್ಯವೇ ಇಲ್ಲ.
5. ಅವಳು ದಿನಾ ಬೇಗ ಏಳಬೇಕಾಗುತ್ತದೆ.

ಅಭ್ಯಾಸ 4. ಶಿರಸಿಯ ಮಾವ ಅಳಿಯನಿಗೆ ಬರೆದ ಸಾಲುಗಳಿವು. ಅಡಿಕೆಗೆ ಕೊಳೆರೋಗ ಬರದಂತೆ ಮಳೆಗಾಲಕ್ಕೆ ಮೊದಲೇ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ನಿಮ್ಮಲ್ಲಿ ತೋಟದ ಮನೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಐದೂ ವಾಕ್ಯ ಓದಿ, ಪ್ರತಿಯೊಂದೂ ಸಲಹೆಯೋ, ಕಡ್ಡಾಯವೋ, ನಿಷೇಧವೋ, ಸಾಧ್ಯತೆಯೋ, ‘ಬೇಕಾಗಿಲ್ಲ’ವೋ ಬರೆಯಿರಿ. (5 ಅಂಕ)

1. ದ ರೇನ್ ಮೇ ಸ್ಟಾರ್ಟ್ ನೆಕ್ಸ್ಟ್ ವೀಕ್.
2. ವಿ ಮಸ್ಟ್ ಸ್ಪ್ರೇ ದ ಟ್ರೀಸ್ ಬಿಫೋರ್ ದಟ್.
3. ಯು ಡೋಂಟ್ ಹ್ಯಾವ್ ಟು ಕ್ಲೈಂಬ್.
4. ಯು ಶುಡ್ ಬ್ರಿಂಗ್ ಆನ್ ಓಲ್ಡ್ ಶರ್ಟ್.
5. ಯು ಮಸ್ಟ್ ನಾಟ್ ಮಿಕ್ಸ್ ಇಟ್ ಇನ್ ಆನ್ ಐರನ್ ಡ್ರಮ್.

ಅಭ್ಯಾಸ 5. ಬೆಂಗಳೂರಿನ ನಿಮ್ಮ ಚಿಕ್ಕಪ್ಪನ ಮಗಳು ಜೂನ್‌ನಲ್ಲಿ ಮೊದಲ ಸಲ ಕಾರವಾರಕ್ಕೆ ಬರುತ್ತಿದ್ದಾಳೆ. ಅವಳಿಗೆ ನಾಲ್ಕು ವಾಕ್ಯ ಬರೆಯಿರಿ: ಒಂದು ಸಲಹೆ, ಒಂದು ನಿಷೇಧ, ಒಂದು ‘ಬೇಕಾಗಿಲ್ಲ’, ಒಂದು ಸಾಧ್ಯತೆ. (4 ಅಂಕ)

ಉತ್ತರಗಳು (ಬರೆದು ಮುಗಿಸಿದ ಮೇಲೆ ನೋಡಿ)

ಅಭ್ಯಾಸ 1: 1 ಅ, 2 ಆ, 3 ಅ, 4 ಆ, 5 ಅ.

ಅಭ್ಯಾಸ 2: 1. ಯು ಶುಡ್ ಡ್ರಿಂಕ್ ಬಾಯ್ಲ್ಡ್ ವಾಟರ್. 2. ಹಿ ಮಸ್ಟ್ ಗೋ ಟು ಅಂಕೋಲಾ. 3. ಮೇ ಐ ಕಮ್ ಇನ್? 4. ಮೈ ಬ್ರದರ್ ಹ್ಯಾಸ್ ಟು ಕ್ರಾಸ್ ದ ರಿವರ್ ಎವ್ರಿ ಡೇ. 5. ಐ ಕ್ಯಾನ್ ಸ್ವಿಮ್. ‘ಐ ಆಮ್ ಏಬಲ್ ಟು ಸ್ವಿಮ್’ ಬರೆದರೂ ಸರಿ. 6. ಯೆಸ್ಟರ್‌ಡೇ ವಿ ಹ್ಯಾಡ್ ಟು ವಾಕ್ ಹೋಮ್.

ಅಭ್ಯಾಸ 3: 1. ಯು ಡೋಂಟ್ ಹ್ಯಾವ್ ಟು ಕಮ್. 2. ಯು ಮಸ್ಟ್ ನಾಟ್ ಗೋ ಇನ್ಟು ದ ಸೀ ಅಲೋನ್. 3. ಹಿ ಮೇ ನಾಟ್ ಕಮ್ ಟುಡೇ. ಮೈಟ್ ನಾಟ್ ಕೂಡ ಸರಿ, ಆದರೆ ಇಲ್ಲಿ ‘ಕುಡ್ ನಾಟ್’ ಬೇಡ, ಅದರ ಅರ್ಥ ಬೇರೆ. 4. ಇಟ್ ಕಾಂಟ್ ಬಿ ಟ್ರೂ. 5. ಶಿ ಹ್ಯಾಸ್ ಟು ಗೆಟ್ ಅಪ್ ಅರ್ಲಿ ಎವ್ರಿ ಡೇ.

ಅಭ್ಯಾಸ 4: 1 ಸಾಧ್ಯತೆ, 2 ಕಡ್ಡಾಯ, 3 ಬೇಕಾಗಿಲ್ಲ, 4 ಸಲಹೆ, 5 ನಿಷೇಧ.

ಐದನೆಯದಕ್ಕೆ ಒಂದೇ ಉತ್ತರ ಅಂತಿಲ್ಲ. ಸೋಮವಾರ ಎರಡನೇ ಪೀರಿಯಡ್‌ನಲ್ಲಿ ಒಬ್ಬೊಬ್ಬರೂ ಎದ್ದು ಓದಿ. ಸುಮ್ನೆ ಗೈಡ್ ನೋಡಿ ಬರೆದದ್ದು ಬೇಡ. ನಿಮ್ಮ ಕೇರಿ, ನಿಮ್ಮ ಮಳೆ, ನಿಮ್ಮ ಕಡಲು ಆ ನಾಲ್ಕು ವಾಕ್ಯದಲ್ಲಿ ಇರಲಿ.