ನಿಮ್ಮ ಕೆರೆ ಪುಸ್ತಕದ ಮುನ್ನುಡಿ ಬಗ್ಗೆ

ಪ್ರೀತಿಯ ರಮೇಶ್,

ನೀವು ಕಳಿಸಿದ ಪರಿವಿಡಿ, ನಾಲ್ಕು ಪುಟದ ಸಾರಾಂಶ, ಮುಖಪುಟ ಎಲ್ಲಾ ತಲುಪಿವೆ. ಶಾಲೆ ಕೆಲಸದ ನಡುವೆ ಭಾನುವಾರಗಳನ್ನೆಲ್ಲ ಕೋಲಾರದ ಕೆರೆ ಏರಿಗಳ ಮೇಲೆ ಕಳೆದು ಇಂಥದ್ದೊಂದು ಪುಸ್ತಕ ಮಾಡಿದ್ದೀರಿ ಅಂತ ತಿಳಿದು ತುಂಬ ಖುಷಿಯಾಯಿತು. ಆದರೆ ಮುನ್ನುಡಿ ನಾನು ಬರೆಯಲಾರೆ. ಬೆನ್ನುಡಿಗೂ ನಾಲ್ಕು ಸಾಲು ಕೊಡಲಾರೆ. ಬೇರೆ ಏರ್ಪಾಡು ಮಾಡಿಕೊಳ್ಳಲು ನಿಮಗೆ ಸಮಯ ಸಿಗಲಿ ಅಂತ ಮೊದಲೇ ಹೇಳಿಬಿಡುತ್ತಿದ್ದೇನೆ.

ಕಾರಣ ಒಂದೇ, ಪುಸ್ತಕವನ್ನು ನಾನು ಓದಿಲ್ಲ. ಹದಿನೈದನೇ ತಾರೀಖಿಗೆ ಪ್ರೆಸ್ಸಿಗೆ ಹೋಗಬೇಕು ಅಂದಿದ್ದೀರಿ. ಮುನ್ನೂರು ಪುಟ, ಅದರಲ್ಲೂ ಅಷ್ಟೊಂದು ಕೋಷ್ಟಕ. ಅವನ್ನು ಓದಬೇಕಾದ ಹಾಗೆ ಓದಲು ಈ ಹತ್ತು ದಿನ ನನಗೆ ಸಾಲದು. "ಸಾರಾಂಶ ನೋಡಿ ಎರಡು ಮಾತು ಬರೆದರೆ ಸಾಕು ಮೇಡಂ, ಬೇಕಾದರೆ ನಾವೇ ಬರೆದು ತರುತ್ತೇವೆ, ನೀವು ಸಹಿ ಹಾಕಿ" ಅಂತ ನಿಮ್ಮ ಪ್ರಕಾಶಕರು ಫೋನಿನಲ್ಲಿ ಹೇಳಿದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಎಷ್ಟೋ ಕಡೆ ಹೀಗೆ ನಡೆಯುತ್ತದೆ. ನಾನು ಮಾತ್ರ ಅದಕ್ಕೆ ಒಪ್ಪುವುದಿಲ್ಲ.

ಯಾಕೆ ಅಂತ ನಿಮ್ಮ ಸಾರಾಂಶದಲ್ಲೇ ಇರುವ ಒಂದು ಸಾಲು ತೆಗೆದುಕೊಂಡು ಹೇಳುತ್ತೇನೆ. "ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಸುತ್ತಲಿನ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇಲ್ಲವಾಗಿದೆ" ಅಂತ ಬರೆದಿದ್ದೀರಿ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆಯ ಬಗ್ಗೆ ದೊಡ್ಡ ಮಾತು ಅದು. ಯಾವ ಊರಿನ ಯಾವ ಬೋರ್‌ವೆಲ್? ಮಾದರಿ ತೆಗೆದದ್ದು ಮಳೆಗೆ ಮುಂಚೆಯೋ, ಆಮೇಲೋ? ಒಳ್ಳೆ ಮಳೆಯಾದ ವರ್ಷ ಬೋರ್‌ವೆಲ್ ನೀರಿಗೆ ಹೊಸ ನೀರು ಸೇರಿ ಫ್ಲೋರೈಡ್ ಪ್ರಮಾಣ ಕಡಿಮೆ ಕಾಣಬಹುದು. ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಅನ್ನುವುದು ನಮ್ಮ ದೇಶದ ಮಾನದಂಡ. ಬೇರೆ ನೀರಿನ ಮೂಲವೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು. ನಿಮ್ಮ ಲೆಕ್ಕ ಇವೆರಡರಲ್ಲಿ ಯಾವುದನ್ನು ಹಿಡಿದು ಮಾಡಿದ್ದು? ಇದಕ್ಕೆಲ್ಲ ಒಳಗಿನ ಅಧ್ಯಾಯದಲ್ಲಿ ಸರಿಯಾದ ಉತ್ತರ ಇರಬಹುದು. ನಾನು ನೋಡಿಲ್ಲ, ಅಷ್ಟೇ.

ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು ಮುನ್ನುಡಿ ಬರೆದಿದ್ದಾರೆ ಅಂದರೆ ಓದುವವರು ಆ ಸಾಲನ್ನು ಪರೀಕ್ಷೆಯಾದ ಮಾತು ಅಂದುಕೊಳ್ಳುತ್ತಾರೆ. ಅದನ್ನು ನಂಬಿದ ಮನೆಯವರು ಶುದ್ಧ ನೀರಿನ ಘಟಕಕ್ಕೆ ಹೋಗುವುದು ಬಿಟ್ಟು ಮಕ್ಕಳಿಗೆ ಬೋರ್ ನೀರನ್ನೇ ಕುಡಿಸಬಹುದು. ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುವುದನ್ನು ನಿಮ್ಮ ತರಗತಿಯಲ್ಲೇ ನೋಡಿದ್ದೀರಿ ಅಲ್ವಾ? 2018ರಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು, ವಿಷಯ ಹೈಕೋರ್ಟಿಗೆ ಹೋದಾಗಿನಿಂದ ಈ ನೀರಿನ ಬಗ್ಗೆ ಜನರಲ್ಲಿ ಜಗಳ ನಿಂತಿಲ್ಲ. ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು ಕೆರೆ ತುಂಬಿಸಲು ಸಾಕು ಅನ್ನುವವರೂ ಇದ್ದಾರೆ, ಸಾಲದು ಅನ್ನುವವರೂ ಇದ್ದಾರೆ. ನಿಮ್ಮ ಪುಸ್ತಕವನ್ನು ಎರಡೂ ಕಡೆಯವರು ಕೈಗೆತ್ತಿಕೊಳ್ಳುತ್ತಾರೆ. ಯಾರಾದರೂ ನನ್ನನ್ನು ಕೇಳಿದರೆ "ಹೌದು, ಓದಿ ಬರೆದೆ" ಅನ್ನುವ ಹಾಗಿರಬೇಕು.

ನಿಮ್ಮ ಬರವಣಿಗೆ ಮೇಲೆ ಅನುಮಾನ ಇಟ್ಟುಕೊಂಡು ಹೀಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಪರಿವಿಡಿಯಲ್ಲಿ ನೀರಗಂಟಿಗಳ ಬಗ್ಗೆಯೇ ಒಂದು ಭಾಗ ಇದೆ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ತೂಬು ಯಾವಾಗ ಎತ್ತಬೇಕು ಅನ್ನುವುದೆಲ್ಲ ಅವರಿಗೆ ಬಾಯಲ್ಲೇ ಇತ್ತು. ಆ ವಿವರಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡಿದ್ದರೆ ಆ ಭಾಗಕ್ಕೇ ಪುಸ್ತಕ ಉಳಿಯುತ್ತದೆ. ಅದನ್ನು ಓದುವ ಆಸೆ ನನಗೆ ನಿಜವಾಗಿ ಇದೆ.

ಹಾಗಾಗಿ ಒಂದು ಮಾತು. ಕರಡನ್ನು ಪೂರ್ತಿ ಓದಿರುವ ನಿಮ್ಮ ಸಹೋದ್ಯೋಗಿ ಒಬ್ಬರಿದ್ದಾರೆ ಅಂದಿದ್ದಿರಲ್ಲ, ಅವರನ್ನೇ ಮುನ್ನುಡಿ ಕೇಳಿ. ಹೆಸರು ದೊಡ್ಡದಿಲ್ಲದಿದ್ದರೂ ಪರವಾಗಿಲ್ಲ. ಯಾರೂ ಸಿಗದಿದ್ದರೆ ನಿಮ್ಮ 'ಲೇಖಕನ ಮಾತು' ಸಾಕು, ಮುನ್ನುಡಿ ಇಲ್ಲದೆ ಪುಸ್ತಕ ತರಬಹುದು. ಫ್ಲೋರೈಡ್ ಅಧ್ಯಾಯವನ್ನು ಮಾತ್ರ ಅಚ್ಚಿಗೆ ಮುಂಚೆ ಅಂತರ್ಜಲ ಗೊತ್ತಿರುವ ಒಬ್ಬರಿಗೆ ದಯವಿಟ್ಟು ತೋರಿಸಿ. ಆ ಒಂದು ಅಧ್ಯಾಯವನ್ನು, ಅದರ ಕೋಷ್ಟಕಗಳ ಜೊತೆ ಈ ವಾರವೇ ಕಳಿಸಿದರೆ ನಾನೂ ನೋಡಿ ತಪ್ಪು ಕಂಡರೆ ಗುರುತು ಹಾಕಿ ಕೊಡುತ್ತೇನೆ. ಅದು ನಿಮಗೆ ಮಾಡುವ ಸಹಾಯ, ಪುಸ್ತಕಕ್ಕೆ ಕೊಡುವ ಒಪ್ಪಿಗೆ ಅಲ್ಲ. ಕೃತಜ್ಞತೆ ಪುಟದಲ್ಲೂ ನನ್ನ ಹೆಸರು ಬೇಡ.

ಮುಖಪುಟದ ಕರಡಿನಲ್ಲಿ ಕೆಳಗಡೆ 'ಮುನ್ನುಡಿ' ಅಂತ ನನ್ನ ಹೆಸರು ಆಗಲೇ ಹಾಕಿದ್ದಾರೆ. ಅದನ್ನು ತೆಗೆಸಿ. ಆಹ್ವಾನ ಪತ್ರಿಕೆ ಸಿದ್ಧವಾಗಿದ್ದರೆ ಅದರಲ್ಲೂ ಒಮ್ಮೆ ನೋಡಿಕೊಳ್ಳಿ. ತೆಗೆಸಿದ ಮೇಲೆ ಒಂದು ಮೆಸೇಜ್ ಹಾಕಿ.

ಪುಸ್ತಕ ಬಂದ ಮೇಲೆ ಒಂದು ಪ್ರತಿ ಕೊಂಡು ಓದುತ್ತೇನೆ, ಅನ್ನಿಸಿದ್ದನ್ನು ನಿಮಗೆ ಬರೆಯುತ್ತೇನೆ. ಬಿಡುಗಡೆ ದಿನ ಊರಲ್ಲಿದ್ದರೆ ಖಂಡಿತ ಬರುತ್ತೇನೆ. ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ವಿಶ್ವಾಸದಿಂದ,
ಶಾರದಾ