ಸ್ಲ್ಯಾಬಿಗೆ 10 ಎಂಎಂ ಬದಲು 12 ಎಂಎಂ ಬಾರ್: ಒಪ್ಪಿಗೆ ಮತ್ತು ಲೆಕ್ಕ

ದಿನಾಂಕ: 18 ಜನವರಿ 2025
ಕೆಲಸ: ಒಣದ್ರಾಕ್ಷಿ ಗೋದಾಮು, ತಿಕೋಟಾ, ವಿಜಯಪುರ ಜಿಲ್ಲೆ. ಮೊದಲ ಮಹಡಿ ಸ್ಲ್ಯಾಬ್.

ಅಣ್ಣಾರಿಗೆ ನಮಸ್ಕಾರ.

10 ಎಂಎಂ ಸ್ಟೀಲ್ ಬರಲು ಇನ್ನೂ ಒಂದು ವಾರ ಬೇಕು, 12 ಎಂಎಂ ಸೈಟಿನಲ್ಲೇ ಬಿದ್ದಿದೆ, ಸೆಂಟ್ರಿಂಗ್ ಬಾಡಿಗೆ ಸುಮ್ನೆ ಏರ್ತಿದೆ ಎಂದು ನಿನ್ನೆ ಹೇಳಿದಿರಿ. ನಿಮ್ಮ ಮಾತು ಸರಿ. ಬದಲಾವಣೆಗೆ ಒಪ್ಪಿದ್ದೇನೆ. ಆದರೆ ನೀವು ಕೇಳಿದ 225 ಎಂಎಂ ಅಂತರಕ್ಕೆ ಅಲ್ಲ. 12 ಎಂಎಂ ಬಾರ್, 200 ಎಂಎಂ ಸೆಂಟರ್ ಟು ಸೆಂಟರ್. ಯಾಕೆ ಅಂತ ಕೆಳಗೆ ಬರೆದಿದ್ದೇನೆ. ಬಾರ್ ಬೆಂಡರ್‌ಗೂ ಓದಿ ಹೇಳಿ.

ಡ್ರಾಯಿಂಗ್‌ನಲ್ಲಿ ಮೇನ್ ಬಾರ್ 10 ಎಂಎಂ, 150 ಅಂತರ. ಒಂದು ಬಾರಿನ ಏರಿಯಾ 78.5 ಚದರ ಎಂಎಂ. ಅಂದರೆ ಒಂದು ಮೀಟರ್ ಅಗಲದಲ್ಲಿ 524 ಚದರ ಎಂಎಂ ಸ್ಟೀಲ್ ಇರಬೇಕು. 12 ಎಂಎಂ ಬಾರಿನ ಏರಿಯಾ 113. ಅದನ್ನು 225ಕ್ಕೆ ಇಟ್ಟರೆ ಸಿಗೋದು 503 ಮಾತ್ರ, 21 ಕಡಿಮೆ. ಮೇಲೆ ಒಣದ್ರಾಕ್ಷಿ ಬಾಕ್ಸ್ ಚಾವಣಿವರೆಗೆ ಪೇರಿಸ್ತಾರೆ ಅಂತ ನಿಮಗೇ ಗೊತ್ತು. ಅಲ್ಲಿ ಸ್ಟೀಲ್ ಕಡಿಮೆ ಮಾಡಲು ನಾನು ಒಪ್ಪಲ್ಲ. 200ಕ್ಕೆ ಇಟ್ಟರೆ 565 ಸಿಗುತ್ತದೆ. ಲೆಕ್ಕಕ್ಕೆ 216 ಸಾಕು, ಆದರೆ ಟೇಪ್ ಹಿಡಿದು 216ರ ಗುರುತು ಹಾಕೋರು ಯಾರು? 200 ಆದರೆ ತಪ್ಪೋದಿಲ್ಲ.

ಬಾರ್ ದಪ್ಪ ಆದಾಗ ಅದರ ನಡುಗೆರೆ 1 ಎಂಎಂ ಮೇಲೇರುತ್ತದೆ. ಸ್ಲ್ಯಾಬ್ 150, ಕವರ್ 20. ಹಾಗಾಗಿ ಎಫೆಕ್ಟಿವ್ ಡೆಪ್ತ್ 125 ಇದ್ದದ್ದು 124 ಆಗುತ್ತದೆ. ಏರಿಯಾ 8 ಪರ್ಸೆಂಟ್ ಜಾಸ್ತಿ ಆಗಿರೋದರಿಂದ ಆ ಒಂದು ಎಂಎಂ ತೊಂದರೆ ಮಾಡಲ್ಲ. ಅಂತರದ ಮಿತಿಯನ್ನೂ ನೋಡಿದೆ. ಐಎಸ್ 456 ಪ್ರಕಾರ ಮೇನ್ ಬಾರ್ ಅಂತರ ಎಫೆಕ್ಟಿವ್ ಡೆಪ್ತ್‌ನ ಮೂರು ಪಟ್ಟು ಅಥವಾ 300 ಎಂಎಂ, ಇವೆರಡರಲ್ಲಿ ಚಿಕ್ಕದನ್ನು ದಾಟಬಾರದು. ಮೂರು ಪಟ್ಟು ಅಂದರೆ 372, ಆದ್ದರಿಂದ ನಮಗೆ 300 ಮಿತಿ. 200 ಅದರೊಳಗೇ ಇದೆ. ಬಾರಿನ ದಪ್ಪ ಸ್ಲ್ಯಾಬಿನ ಎಂಟನೇ ಒಂದು ಭಾಗ ಮೀರಬಾರದು, ಅದು 18 ಎಂಎಂಗಿಂತ ಜಾಸ್ತಿ ಬರುತ್ತದೆ. 12ಕ್ಕೆ ಏನೂ ಅಡ್ಡಿಯಿಲ್ಲ.

ಈಗ ನನಗೆ ನಿಜವಾಗಿ ಚಿಂತೆ ಇರೋ ವಿಷಯ. ನಿಮ್ಮ ಹುಡುಗರಿಗೆ ಒಂದು ಬಿಟ್ಟು ಒಂದು ಬಾರ್ ಕ್ರಾಂಕ್ ಮಾಡೋ ರೂಢಿ ಇದೆ. 150 ಅಂತರದಲ್ಲಿ ಹಾಗೆ ಮಾಡಿದರೂ ಬೀಮಿನ ಹತ್ತಿರ ಕೆಳಗೆ 300ಕ್ಕೆ ಒಂದು ಬಾರ್ ಉಳಿಯುತ್ತಿತ್ತು. 200 ಅಂತರದಲ್ಲಿ ಮಾಡಿದರೆ 400 ಆಗುತ್ತದೆ, ಮಿತಿ ಮೀರಿತು. ನಮ್ಮ ಡ್ರಾಯಿಂಗ್‌ನಲ್ಲಿ ಕ್ರಾಂಕ್ ಇಲ್ಲ, ಟಾಪ್ ಬಾರ್ ಬೇರೆಯೇ ಇದೆ. ಕೆಳಗಿನ ಎಲ್ಲಾ ಬಾರ್ ನೇರವಾಗಿ ಬೀಮಿನೊಳಗೆ ಹೋಗಬೇಕು. ಟಾಪ್ ಬಾರನ್ನೂ 12 ಎಂಎಂ, 200ಕ್ಕೇ ಹಾಕಿ, ಉದ್ದ ಡ್ರಾಯಿಂಗ್‌ನಂತೆ.

ಲ್ಯಾಪ್ ಉದ್ದ ಬದಲಾಗುತ್ತದೆ. ಎಂ 25 ಕಾಂಕ್ರೀಟ್, ಎಫ್‌ಇ 500 ಸ್ಟೀಲ್‌ಗೆ 10 ಎಂಎಂ ಇದ್ದಾಗ 490 ಎಂಎಂ ಸಾಕಿತ್ತು. 12 ಎಂಎಂಗೆ 590 ಬೇಕು. ಹಳೇ ಅಳತೆಗೆ ಕತ್ತರಿಸಿದ ತುಂಡು ಬೇಡ. ಡಿಸ್ಟ್ರಿಬ್ಯೂಶನ್ 8 ಎಂಎಂ, 200ಕ್ಕೆ ಮೊದಲಿನಂತೆಯೇ. ಸೈಟಿನಲ್ಲಿರೋ 12 ಎಂಎಂ ಎಫ್‌ಇ 500 ಅನ್ನೋದನ್ನ ಬಾರ್ ಮೇಲಿನ ಗುರುತು ನೋಡಿ ಖಾತ್ರಿ ಮಾಡಿಕೊಳ್ಳಿ. ಬೇರೆ ಗ್ರೇಡ್ ಆದರೆ ಈ ಲೆಕ್ಕ ನಡೆಯಲ್ಲ.

ಇದೇ ಲೆಕ್ಕ ಬೀಮಿಗೆ ಹಾಕಬೇಡಿ. 3 ನಂಬರ್ 20 ಎಂಎಂ ಬದಲು 5 ನಂಬರ್ 16 ಹಾಕಲೇ ಅಂತಲೂ ಕೇಳಿದ್ದಿರಿ. ಏರಿಯಾ 942ರ ಬದಲು 1005 ಸಿಗುತ್ತದೆ, ನಿಜ. ಆದರೆ 230 ಅಗಲದ ಬೀಮಿನಲ್ಲಿ ಎರಡೂ ಬದಿ 25 ಕವರ್, 8 ಎಂಎಂ ರಿಂಗ್ ಕಳೆದರೆ 164 ಉಳಿಯುತ್ತದೆ. ಐದು ಬಾರ್ ಒಂದೇ ಸಾಲಿಗೆ ಇಟ್ಟರೆ ನಡುವಿನ ಸಂದು 21 ಎಂಎಂ. ನಮ್ಮ ಖಡಿ 20 ಎಂಎಂ, ಅದಕ್ಕೆ 5 ಸೇರಿಸಿ ಕನಿಷ್ಠ 25 ಸಂದು ಬೇಕು. ಖಡಿ ಅಲ್ಲೇ ಸಿಕ್ಕಿಕೊಂಡು ಬಾರ್ ಕೆಳಗೆ ಪೊಳ್ಳು ಆಗುತ್ತದೆ. ಬೀಮಿಗೆ 20 ಎಂಎಂ ತರಿಸಿಯೇ ಕಟ್ಟಿಸಿ.

ನಿನ್ನೆ ಸೆಂಟ್ರಿಂಗ್ ಪ್ಲೇಟ್ ಮೇಲೆ ಸೀಮೆಸುಣ್ಣದಲ್ಲಿ 150ರ ಗೆರೆಗಳನ್ನು ನೋಡಿದೆ. ಅವನ್ನು ಪೂರ್ತಿ ಒರೆಸಿಸಿ. ಒಂದು ಕಡೆ ಹಳೇ ಗೆರೆ, ಇನ್ನೊಂದು ಕಡೆ ಹೊಸ ಗೆರೆ ಇದ್ದರೆ ಹುಡುಗರು ಯಾವುದನ್ನು ನೋಡಬೇಕು, ಅಲ್ವಾ?

ಕೆಳಗಿನ ಮೇನ್ ಬಾರಿಗೆ ಚದರ ಮೀಟರಿಗೆ ಸುಮಾರು 330 ಗ್ರಾಂ ಸ್ಟೀಲ್ ಜಾಸ್ತಿ ಹೋಗುತ್ತದೆ. ಬದಲಾವಣೆ ನಿಮ್ಮ ಅನುಕೂಲಕ್ಕೆ ಆದದ್ದು, ಬಿಲ್ಲನ್ನು ಡ್ರಾಯಿಂಗ್ ತೂಕಕ್ಕೇ ಮಾಡಿ. ಮಾಲೀಕರಿಗೂ ಹೀಗೇ ಹೇಳಿದ್ದೇನೆ.

ಸೋಮವಾರ ಬೆಳಿಗ್ಗೆ 7 ಗಂಟೆಗೆ ಟೇಪ್ ಹಿಡಿದು ಬರ್ತೇನೆ. ನಾನು ಅಂತರ, ಲ್ಯಾಪ್, ಕವರ್ ಬ್ಲಾಕ್ ನೋಡಿ ಸಹಿ ಹಾಕೋವರೆಗೆ ಕಾಂಕ್ರೀಟ್ ಹಾಕಬೇಡಿ.

ಸ್ಟ್ರಕ್ಚರಲ್ ಇಂಜಿನಿಯರ್